2/10, ನೆಟ್ 30: ಬಿಲ್ಲಿನ ಕೆಳಗೆ ಕೂತಿರುವ ಮೂರು ರೂಪಾಯಿ ಬಡ್ಡಿ

ಕೆಲವು ತಿಂಗಳ ಹಿಂದೆ ತುಮಕೂರಿನಿಂದ ಪರಿಚಯದ ಅಂಗಡಿಯವರೊಬ್ಬರು ಫೋನ್ ಮಾಡಿದರು. ಅವರದು ಹಾರ್ಡ್‌ವೇರ್ ಅಂಗಡಿ. ಪೈಪು, ನಲ್ಲಿ, ಬಣ್ಣ, ಬೀಗ ಎಲ್ಲ ಇಟ್ಟಿದ್ದಾರೆ. ಹೊಸ ಕಂಪನಿಯೊಂದರಿಂದ ಮಾಲು ತರಿಸಲು ಶುರು ಮಾಡಿದ್ದರು. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘2/10, ನೆಟ್ 30’ ಅಂತ ಅಚ್ಚಾಗಿತ್ತು. "ಸಾರ್, ಮೊದಲು ಪೈಪಿನ ಸೈಜು ಅಂದುಕೊಂಡೆ. ಆಮೇಲೆ ನೋಡಿದ್ರೆ ಬಣ್ಣದ ಬಿಲ್ಲಿನಲ್ಲೂ ಇದೆ" ಅಂದರು.

ಅರ್ಥ ಹೇಳಿದೆ. ಕೇಳಿಸಿಕೊಂಡು, "ಅಯ್ಯೋ, ನೂರಕ್ಕೆ ಎರಡು ರೂಪಾಯಿ ತಾನೇ? ಬಿಡಿ, ಮೂವತ್ತು ದಿನ ಟೈಮ್ ಇದೆಯಲ್ಲ, ನಿಧಾನಕ್ಕೆ ಕಟ್ಟಿದರಾಯ್ತು" ಅಂದರು. ಇದೇ ಮನುಷ್ಯ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಅಂದರೆ ಎದ್ದು ಹೋಗುವವರು. ಆದರೆ ಆ ‘ಬಿಡಿ’ ಅನ್ನುವ ಮಾತಿನಲ್ಲಿ ಅವರು ಒಪ್ಪಿಕೊಂಡಿದ್ದು ಮೂರು ರೂಪಾಯಿ ಬಡ್ಡಿಯನ್ನೇ. ಅದು ಹೇಗೆ ಅನ್ನುವುದೇ ಈ ಲೇಖನ.

## ಆ ಅಂಕಿಗಳು ಹೇಳುವುದೇನು

ನಮ್ಮ ಅಂಗಡಿ ಬೀದಿಗಳಲ್ಲಿ ಇದಕ್ಕೆ ಕ್ಯಾಶ್ ಡಿಸ್ಕೌಂಟ್ ಅಥವಾ ಬರೀ ‘ಸಿ.ಡಿ.’ ಅನ್ನುತ್ತಾರೆ. ಬೇಗ ದುಡ್ಡು ಕೊಟ್ಟವರಿಗೆ ಸ್ವಲ್ಪ ಬಿಟ್ಟುಕೊಡುವ ಪದ್ಧತಿ. ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದಲ್ಲ, ಇದೂ ಅದೇ ಜಾತಿಯದು. ಅಂಕಿಗಳಲ್ಲಿ ಬರೆಯುವ ಈ ಶೈಲಿ ಮಾತ್ರ ಅಮೆರಿಕದ ವ್ಯಾಪಾರದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿರುವುದು. ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಬಿಲ್ಲುಗಳ ಜೊತೆ ಈಗ ನಮ್ಮ ಅಂಗಡಿಗಳಿಗೂ ಬರುತ್ತಿದೆ.

ಮೊದಲ ಅಂಕಿ 2 ಅಂದರೆ ರಿಯಾಯಿತಿ, ನೂರಕ್ಕೆ ಎರಡು. ಆಮೇಲಿನ 10 ಅಂದರೆ ಆ ರಿಯಾಯಿತಿ ಸಿಗಲು ಇರುವ ದಿನಗಳು. ‘ನೆಟ್ 30’ ಅಂದರೆ ರಿಯಾಯಿತಿ ಬೇಡವಾದರೆ ಪೂರ್ತಿ ದುಡ್ಡು ಕಟ್ಟಲು ಇರುವ ಗಡುವು. ಜೂನ್ 3ರ ಬಿಲ್ ಒಂದು ಲಕ್ಷದ್ದು ಅಂದುಕೊಳ್ಳಿ. ಜೂನ್ 13ರೊಳಗೆ ಕಟ್ಟಿದರೆ 98,000 ಸಾಕು. ಅದಾದ ಮೇಲೆ ಜುಲೈ 3ರವರೆಗೆ ಯಾವತ್ತು ಕಟ್ಟಿದರೂ ಪೂರ್ತಿ ಒಂದು ಲಕ್ಷ.

ದಿನ ಎಣಿಸುವುದು ಎಲ್ಲಿಂದ ಅನ್ನುವುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಬೇರೇನೂ ಬರೆದಿಲ್ಲ ಅಂದರೆ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ. ಮಾಲು ಅಂಗಡಿಗೆ ಇಳಿದ ದಿನದಿಂದ ಅಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

## ಸರಕಿನ ಬೆಲೆ ಎಷ್ಟು, ಬಡ್ಡಿ ಎಷ್ಟು?

ಇಲ್ಲಿ ಯೋಚನೆಯ ದಾರಿ ಸ್ವಲ್ಪ ಬದಲಿಸಬೇಕು. ಒಂದು ಲಕ್ಷದ ಮಾಲು, ಅದಕ್ಕೆ ಎರಡು ಸಾವಿರ ರಿಯಾಯಿತಿ ಅಂತ ನೋಡುತ್ತೇವೆ. ಅದನ್ನು ತಿರುಗಿಸಿ ನೋಡಿ. ಹತ್ತನೇ ದಿನ ಆ ಮಾಲು 98,000ಕ್ಕೆ ಸಿಗುತ್ತದೆ ಅಂದಮೇಲೆ ಅದರ ಬೆಲೆ 98,000. ಉಳಿದ ಎರಡು ಸಾವಿರ ಸರಕಿನ ಬೆಲೆ ಅಲ್ಲ. ಆ 98,000ವನ್ನು ಇನ್ನೂ ಇಪ್ಪತ್ತು ದಿನ ನಮ್ಮ ಹತ್ತಿರ ಇಟ್ಟುಕೊಳ್ಳುವುದಕ್ಕೆ ಕೊಡುವ ಬಾಡಿಗೆ ಅದು. ಅಂದರೆ ಬಡ್ಡಿ.

ಇಪ್ಪತ್ತು ದಿನ ಯಾಕೆ, ಮೂವತ್ತು ಯಾಕಲ್ಲ? ಮೊದಲ ಹತ್ತು ದಿನ ಹೇಗಿದ್ದರೂ ಪುಕ್ಕಟೆ. ರಿಯಾಯಿತಿ ತೆಗೆದುಕೊಳ್ಳುವವನೂ ಹತ್ತನೇ ದಿನದವರೆಗೆ ಸುಮ್ನೆ ಇರಬಹುದು. ಬಡ್ಡಿ ಕೊಡುವುದು ಹತ್ತರಿಂದ ಮೂವತ್ತರವರೆಗಿನ ಇಪ್ಪತ್ತು ದಿನಕ್ಕೆ ಮಾತ್ರ. ಎರಡನೇ ದಿನವೇ ಓಡಿ ಹೋಗಿ ಕಟ್ಟುವುದರಿಂದಲೂ ಹೆಚ್ಚೇನೂ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಎರಡು ಸಾವಿರ ಬಡ್ಡಿ ಯಾವ ಅಸಲಿನ ಮೇಲೆ? ಒಂದು ಲಕ್ಷದ ಮೇಲಲ್ಲ, 98,000ದ ಮೇಲೆ. ಊರ ಕಡೆ ಕೆಲವು ಲೇವಾದೇವಿಯವರು ಬಡ್ಡಿ ಮೊದಲೇ ಹಿಡಿದುಕೊಂಡು ಸಾಲ ಕೊಡುತ್ತಾರಲ್ಲ, ಅದೇ ಲೆಕ್ಕ. ಪತ್ರದಲ್ಲಿ ನೂರು ಅಂತ ಬರೆಸಿಕೊಂಡು ಕೈಗೆ ತೊಂಬತ್ತೆಂಟು ಕೊಡುತ್ತಾರೆ. ತೀರಿಸುವಾಗ ನೂರು. ಸಾಲಗಾರ ನಿಜವಾಗಿ ಬಳಸಿದ್ದು 98 ಮಾತ್ರ. ಹಾಗಾಗಿ ಎರಡನ್ನು 98ರಿಂದ ಭಾಗಿಸಬೇಕು. ಬರುವುದು ಶೇ. 2.04. ಇದು ಇಪ್ಪತ್ತು ದಿನದ ಬಡ್ಡಿ.

ನಮ್ಮಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಎಷ್ಟು ರೂಪಾಯಿ ಅಂತಲೇ ಮಾತಾಡುವುದು. ಒಂದು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಹನ್ನೆರಡು, ಎರಡು ರೂಪಾಯಿ ಅಂದರೆ ಇಪ್ಪತ್ನಾಲ್ಕು. ಇಪ್ಪತ್ತು ದಿನಕ್ಕೆ 2.04 ಆದರೆ ಮೂವತ್ತು ದಿನಕ್ಕೆ ಒಂದೂವರೆ ಪಟ್ಟು, ಅಂದರೆ 3.06. ತುಮಕೂರಿನವರು ‘ಬಿಡಿ’ ಅಂದಿದ್ದು ಈ ಮೂರು ರೂಪಾಯಿ ಬಡ್ಡಿಗೆ.

## ವರ್ಷದ ಲೆಕ್ಕ

ಬ್ಯಾಂಕು ಬಡ್ಡಿಯನ್ನು ವರ್ಷಕ್ಕೆ ಇಷ್ಟು ಅಂತ ಹೇಳುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕಾದರೆ ಇದನ್ನೂ ವರ್ಷಕ್ಕೆ ತರಬೇಕು. ವರ್ಷದಲ್ಲಿ ಇಪ್ಪತ್ತು ದಿನದ ತುಂಡುಗಳು 18.25. ಇಪ್ಪತ್ತು ದಿನದ ಬಡ್ಡಿಯನ್ನು ಅದರಿಂದ ಗುಣಿಸಿದರೆ ಮುಗಿಯಿತು. ಎಕ್ಸೆಲ್‌ನಲ್ಲಿ ಹಾಕುವುದಾದರೆ ಹೀಗೆ:

```
=2/(100-2)*365/(30-10)
```

ಉತ್ತರ 0.3724, ಅಂದರೆ ಶೇ. 37.2. ಇದು ಸರಳ ಬಡ್ಡಿ. ಪ್ರತಿ ಇಪ್ಪತ್ತು ದಿನಕ್ಕೂ ಬಡ್ಡಿ ಅಸಲಿಗೆ ಸೇರುತ್ತಾ ಹೋಗುತ್ತದೆ ಅಂತ ಚಕ್ರಬಡ್ಡಿ ಹಾಕಿದರೆ ಶೇ. 44.6 ಆಗುತ್ತದೆ. ಪಠ್ಯಪುಸ್ತಕಗಳು ಎರಡನ್ನೂ ಕೊಡುತ್ತವೆ. ಅಂಗಡಿಯ ತೀರ್ಮಾನಕ್ಕೆ 37 ಸಾಕು. ಎರಡರಲ್ಲಿ ಯಾವುದನ್ನು ಹಿಡಿದರೂ ಬ್ಯಾಂಕಿನ ಬಡ್ಡಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿ ಅಂಗಡಿಯವರು ನನ್ನನ್ನು ಹಿಡಿದು ನಿಲ್ಲಿಸಿದರು. "ಅಲ್ಲ ಸಾರ್, ತಿಂಗಳಿಗೊಂದು ಲಕ್ಷದ ಬಿಲ್ ಬರುತ್ತೆ. ವರ್ಷಪೂರ್ತಿ ರಿಯಾಯಿತಿ ಬಿಟ್ಟರೂ ಹೋಗೋದು 24,000. ಮೂವತ್ತೇಳು ಪರ್ಸೆಂಟ್ ಎಲ್ಲಿಂದ ಬಂತು? ಹನ್ನೆರಡು ಲಕ್ಷದ ಖರೀದಿಗೆ ಎರಡು ಪರ್ಸೆಂಟ್ ಅಷ್ಟೇ ಅಲ್ವಾ?"

ಒಳ್ಳೆಯ ಪ್ರಶ್ನೆ. ಸುಮಾರು ಜನ ಎಡವುವುದೇ ಇಲ್ಲಿ. ಹೋಗುವುದು 24,000 ಅನ್ನುವುದು ನಿಜ. ಆದರೆ ಆ ದುಡ್ಡಿಗೆ ಸಿಕ್ಕಿದ್ದೇನು ಅನ್ನುವುದನ್ನೂ ನೋಡಬೇಕು. ಸಿಕ್ಕಿದ್ದು ಪ್ರತಿ ತಿಂಗಳು 98,000 ರೂಪಾಯಿಯನ್ನು ಇಪ್ಪತ್ತು ದಿನ ಬಳಸುವ ಅವಕಾಶ. ಹನ್ನೆರಡು ತಿಂಗಳು ಸೇರಿದರೆ 240 ದಿನ. ಉಳಿದ 125 ದಿನ ಈ ಸಾಲ ನಿಮ್ಮ ಕೈಯಲ್ಲಿ ಇರಲೇ ಇಲ್ಲ. ವರ್ಷಪೂರ್ತಿ ಹರಡಿ ಸರಾಸರಿ ತೆಗೆದರೆ ನಿಮ್ಮ ಹತ್ತಿರ ಇದ್ದ ಸಾಲ ಸುಮಾರು 64,400 ರೂಪಾಯಿ. ಅಷ್ಟು ಸಾಲಕ್ಕೆ ವರ್ಷಕ್ಕೆ 24,000 ಬಡ್ಡಿ. ಭಾಗಿಸಿ ನೋಡಿ, ಅದೇ 37 ಬರುತ್ತದೆ.

ಅಂದರೆ ಖರೀದಿಯ ಶೇ. 2 ಮತ್ತು ಸಾಲದ ಶೇ. 37 ಒಂದೇ 24,000ದ ಎರಡು ಮುಖ. ಸಾಲ ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಎರಡನೆಯದು ಬೇಕು.

## ಓಡಿಯಿಂದ ತೆಗೆದು ಕಟ್ಟಿದರೆ?

"ಹತ್ತನೇ ದಿನಕ್ಕೆ ದುಡ್ಡೆಲ್ಲಿಂದ ತರಲಿ? ಮಾಲು ಇನ್ನೂ ಶೆಲ್ಫಿನಲ್ಲೇ ಇರುತ್ತದೆ" ಅನ್ನುವುದು ಮುಂದಿನ ಮಾತು. ಬ್ಯಾಂಕಿನಲ್ಲಿ ಓಡಿ, ಅಂದರೆ ಬೇಕಾದಾಗ ತೆಗೆದು ಕಟ್ಟುವ ಓವರ್‌ಡ್ರಾಫ್ಟ್ ಸಾಲ, ಅಥವಾ ಅಂಥದ್ದೇ ಸಿ.ಸಿ. ಲಿಮಿಟ್ ಇದ್ದು, ಅದರಲ್ಲಿ ಜಾಗವೂ ಇದ್ದರೆ ಉತ್ತರ ಅಲ್ಲೇ ಇದೆ. ಓಡಿ ಬಡ್ಡಿ ಶೇ. 12 ಅಂದುಕೊಳ್ಳೋಣ. 98,000 ತೆಗೆದು ಹತ್ತನೇ ದಿನ ಕಟ್ಟಿದರೆ ಇಪ್ಪತ್ತು ದಿನಕ್ಕೆ ಆಗುವ ಬಡ್ಡಿ 644 ರೂಪಾಯಿ. ಉಳಿದಿದ್ದು 2,000. ಒಂದು ಬಿಲ್ಲಿನಲ್ಲಿ 1,356 ರೂಪಾಯಿ ಕೈಯಲ್ಲಿ ನಿಂತಿತು.

ಇಲ್ಲೊಂದು ಅನುಮಾನ ಬರಬಹುದು. ಮಾಲು ಖಾಲಿಯಾಗಲು ಎರಡು ತಿಂಗಳು ಹಿಡಿಯುತ್ತದೆ, ಅಷ್ಟು ದಿನ ಓಡಿ ಬಡ್ಡಿ ಓಡುತ್ತಲೇ ಇರುತ್ತದಲ್ಲ? ಓಡುತ್ತದೆ. ಆದರೆ ರಿಯಾಯಿತಿ ಬಿಟ್ಟಿದ್ದರೂ ಮೂವತ್ತನೇ ದಿನ ಒಂದು ಲಕ್ಷ ಎಲ್ಲಿಂದಲೋ ತರಲೇಬೇಕಿತ್ತು. ಮೂವತ್ತನೇ ದಿನದ ನಂತರ ಎರಡು ದಾರಿಯಲ್ಲೂ ಖರ್ಚು ಹೆಚ್ಚುಕಡಿಮೆ ಒಂದೇ. ಹೋಲಿಸಬೇಕಾದದ್ದು ನಡುವಿನ ಇಪ್ಪತ್ತು ದಿನ ಮಾತ್ರ.

ಎರಡು ರೂಪಾಯಿ ಬಡ್ಡಿಯ ಕೈಸಾಲ ತಂದರೂ ಇಪ್ಪತ್ತು ದಿನಕ್ಕೆ ಆಗುವುದು ಸುಮಾರು 1,290. ಲೆಕ್ಕದ ಪ್ರಕಾರ ಅದೂ ಲಾಭವೇ. ಆದರೆ ಕೈಸಾಲ ಕೊಡುವವರು ಇಪ್ಪತ್ತು ದಿನಕ್ಕೆ ಅಂತ ಕೊಡುವುದು ಅಪರೂಪ. ಪೂರ್ತಿ ತಿಂಗಳಿನ ಬಡ್ಡಿ ಹಿಡಿದರೆ 1,960 ಆಗುತ್ತದೆ. ಎರಡು ಸಾವಿರ ಉಳಿಸಲು ಅಷ್ಟು ತೊಂದರೆ ಯಾಕೆ? ಓಡಿಯ ಅನುಕೂಲವೇ ಬಳಸಿದ ದಿನಕ್ಕಷ್ಟೇ ಬಡ್ಡಿ ಅನ್ನುವುದು.

ಅಮೆರಿಕದ ಕೇಂದ್ರ ಸರ್ಕಾರದ ಇಲಾಖೆಗಳೂ ಇದೇ ಲೆಕ್ಕ ಮಾಡುತ್ತವೆ. 1982ರಲ್ಲಿ ಅಲ್ಲಿ ಬಿಲ್ಲುಗಳನ್ನು ಸಮಯಕ್ಕೆ ಪಾವತಿಸಬೇಕೆಂಬ ಕಾನೂನು ಬಂತು. ಅದರ ನಿಯಮದ ಪ್ರಕಾರ, ಸರಬರಾಜುದಾರ ಕೊಡುವ ರಿಯಾಯಿತಿಯನ್ನು ಮೊದಲು ವಾರ್ಷಿಕ ದರಕ್ಕೆ ತರಬೇಕು. ಅಲ್ಲಿನ ಖಜಾನೆ ಪ್ರಕಟಿಸುವ ದರದ ಜೊತೆ ಹೋಲಿಸಿ, ಸರ್ಕಾರಕ್ಕೆ ಲಾಭವಿದ್ದರೆ ಮಾತ್ರ ಬೇಗ ಕಟ್ಟಬೇಕು.

## ಹನ್ನೊಂದನೇ ದಿನ, ತೊಂಬತ್ತನೇ ದಿನ

ಶೇ. 37 ಅನ್ನುವ ಅಂಕಿಗೆ ಒಂದು ಷರತ್ತು ಇದೆ. ಅದನ್ನು ಹೇಳದೆ ಬಿಡುವವರೇ ಜಾಸ್ತಿ. ನೀವು ಸರಿಯಾಗಿ ಮೂವತ್ತನೇ ದಿನ ಕಟ್ಟಿದರೆ ಮಾತ್ರ ಅದು 37. ಎರಡು ಸಾವಿರ ಬದಲಾಗುವುದಿಲ್ಲ, ಆದರೆ ಆ ದುಡ್ಡಿಗೆ ಎಷ್ಟು ದಿನ ಸಿಕ್ಕಿತು ಅನ್ನುವುದು ಬದಲಾಗುತ್ತದೆ. ದಿನ ಬದಲಾದರೆ ದರವೂ ಬದಲಾಗುತ್ತದೆ.

| ನಿಜವಾಗಿ ಕಟ್ಟಿದ ದಿನ | ಸಿಕ್ಕ ಹೆಚ್ಚುವರಿ ದಿನ | ವರ್ಷದ ದರ |
|---|---|---|
| 15 | 5 | ಶೇ. 149 |
| 30 | 20 | ಶೇ. 37.2 |
| 45 | 35 | ಶೇ. 21.3 |
| 60 | 50 | ಶೇ. 14.9 |
| 90 | 80 | ಶೇ. 9.3 |

ಮೊದಲ ಸಾಲು ನೋಡಿ. ಹದಿನೈದನೇ ದಿನ ಕಟ್ಟುವವರು ಐದು ದಿನಕ್ಕೆ ಎರಡು ಸಾವಿರ ಕೊಟ್ಟಿರುತ್ತಾರೆ. ದುಡ್ಡು ಖಾತೆಯಲ್ಲೇ ಇರುತ್ತದೆ, ಶನಿವಾರ ಕೂತು ಎಲ್ಲ ಬಿಲ್ ಒಟ್ಟಿಗೆ ಕಟ್ಟೋಣ ಅಂತ ಇಟ್ಟಿರುತ್ತಾರೆ. ಹೆಚ್ಚು ನಷ್ಟ ಮಾಡಿಕೊಳ್ಳುವವರು ಇವರೇ, ತಡ ಮಾಡುವವರಲ್ಲ. ಹತ್ತು ದಾಟಿತು ಅಂದಮೇಲೆ ಹನ್ನೊಂದಕ್ಕೋ ಹದಿನೈದಕ್ಕೋ ಕಟ್ಟುವುದರಲ್ಲಿ ಅರ್ಥವಿಲ್ಲ. ಮೂವತ್ತರವರೆಗೆ ಇಟ್ಟುಕೊಳ್ಳುವುದೇ ವಾಸಿ. ಹತ್ತನೇ ದಿನ ಭಾನುವಾರ ಬಂತು ಅನ್ನುವ ನೆಪವೂ ಈಗ ನಡೆಯುವುದಿಲ್ಲ. 2019ರ ಡಿಸೆಂಬರ್‌ನಿಂದ ನೆಫ್ಟ್, 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ರಜಾದಿನಗಳಲ್ಲೂ ನಡೆಯುತ್ತವೆ. ಚೆಕ್ ಆದರೆ ಬರೆದ ತಾರೀಖು ಲೆಕ್ಕಕ್ಕೋ, ದುಡ್ಡು ಜಮಾ ಆದ ತಾರೀಖು ಲೆಕ್ಕಕ್ಕೋ ಅಂತ ಕೇಳಿಕೊಳ್ಳಬೇಕು.

ಈಗ ಕೆಳಗಿನ ಸಾಲುಗಳಿಗೆ ಬನ್ನಿ. ನಮ್ಮ ಕಡೆ ಮೂವತ್ತು ದಿನದ ಬಿಲ್ ಅರವತ್ತು, ಎಪ್ಪತ್ತು ದಿನ ಎಳೆಯುವುದು ಹೊಸದೇನಲ್ಲ. ಹಾಗೆ ಎಳೆಯುವವರಿಗೆ ದರ ಇಳಿಯುತ್ತಾ ಹೋಗುತ್ತದೆ. ಶೇ. 12ರ ಓಡಿ ಇರುವವರಿಗೆ ಎಪ್ಪತ್ತೆರಡನೇ ದಿನದ ಹತ್ತಿರ ಎರಡೂ ಸಮ ಆಗುತ್ತವೆ. ಅದಕ್ಕಿಂತ ಆಚೆ ಎಳೆದರೆ ರಿಯಾಯಿತಿ ಬಿಡುವುದೇ ಅಗ್ಗ ಅಂತ ಲೆಕ್ಕ ಹೇಳುತ್ತದೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಮಾಲು ಕೊಟ್ಟವರು ಉದ್ಯಮ ನೋಂದಣಿ ಇರುವ ಕಿರು ಅಥವಾ ಸಣ್ಣ ತಯಾರಕರಾದರೆ 2006ರ ಎಂಎಸ್‌ಎಂಇ ಕಾನೂನು ನಡುವೆ ಬರುತ್ತದೆ. ಬರಹದಲ್ಲಿ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಎಳೆಯುವಂತಿಲ್ಲ. ಎಳೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2025ರ ಡಿಸೆಂಬರ್‌ನಲ್ಲಿ ಬ್ಯಾಂಕ್ ದರ ಶೇ. 5.5 ಇತ್ತು. ಮೂರು ಪಟ್ಟು ಅಂದರೆ 16.5. ಇದರ ಜೊತೆಗೆ 2023ರ ಬಜೆಟ್‌ನಲ್ಲಿ ಬಂದ ನಿಯಮವೊಂದಿದೆ. ಇಂಥ ಸರಬರಾಜುದಾರರಿಗೆ ಗಡುವಿನೊಳಗೆ ಕೊಡದೆ ವರ್ಷದ ಕೊನೆಗೆ ಬಾಕಿ ಉಳಿಸಿಕೊಂಡರೆ, ಆ ಖರೀದಿಯನ್ನು ಆ ವರ್ಷದ ಖರ್ಚು ಅಂತ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಬರೀ ಕೊಂಡು ಮಾರುವ ವ್ಯಾಪಾರಿ ಸರಬರಾಜುದಾರರಾದರೆ ಈ ರಕ್ಷಣೆ ಅವರಿಗೆ ಇಲ್ಲ. ಆದರೆ ಅವರ ಕೈಯಲ್ಲಿ ಬೇರೆ ಅಸ್ತ್ರ ಇದೆ. ಮುಂದಿನ ಸಲ ಅಡ್ವಾನ್ಸ್ ಇಟ್ಟು ಮಾಲು ತಗೊಳ್ಳಿ ಅನ್ನುತ್ತಾರೆ. ಟೇಬಲ್ಲಿನ ಕೊನೆಯ ಸಾಲಿನ 9.3ರಲ್ಲಿ ಇವು ಯಾವುವೂ ಸೇರಿಲ್ಲ.

## ಜಿಎಸ್‌ಟಿ ಸೇರಿದಾಗ

ಇಲ್ಲಿಯವರೆಗೆ ತೆರಿಗೆಯನ್ನು ಪಕ್ಕಕ್ಕಿಟ್ಟಿದ್ದೆ. ನಿಜವಾದ ಬಿಲ್ಲಿನಲ್ಲಿ ಒಂದು ಲಕ್ಷದ ಮೇಲೆ ಶೇ. 18ರಂತೆ 18,000 ಜಿಎಸ್‌ಟಿ ಸೇರಿ 1,18,000 ಇರುತ್ತದೆ. ಆಗ ಕೇಳಬೇಕಾದದ್ದು, ಆ ಎರಡು ಪರ್ಸೆಂಟ್ ಯಾವುದರ ಮೇಲೆ?

ಬಿಲ್ ಮಾಡುವಾಗ ನೀವು ಬೇಗ ಕಟ್ಟುತ್ತೀರೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ರಿಯಾಯಿತಿ ಸಾಮಾನ್ಯವಾಗಿ ಆಮೇಲೆ ಕ್ರೆಡಿಟ್ ನೋಟ್ ಆಗಿ ಬರುತ್ತದೆ. ಬಹಳ ಕಂಪನಿಗಳು ಮೂಲ ಬೆಲೆಯ ಮೇಲೆ ಮಾತ್ರ ರಿಯಾಯಿತಿ ಕೊಟ್ಟು, ಜಿಎಸ್‌ಟಿ ಮುಟ್ಟದೆ 2,000ದ ನೋಟ್ ಹಾಕುತ್ತವೆ. ಆಗ ನೀವು ಕಟ್ಟುವುದು 1,16,000. ಜಿಎಸ್‌ಟಿಯ 18,000ವನ್ನೂ ಇಪ್ಪತ್ತು ದಿನ ಮೊದಲೇ ಕೊಟ್ಟಿರಿ, ಆದರೆ ಅದಕ್ಕೆ ರಿಯಾಯಿತಿ ಸಿಗಲಿಲ್ಲ. 2,000ವನ್ನು 1,16,000ದಿಂದ ಭಾಗಿಸಿ ವರ್ಷಕ್ಕೆ ತಂದರೆ ದರ ಶೇ. 31.5ಕ್ಕೆ ಇಳಿಯುತ್ತದೆ. ಮೂರು ರೂಪಾಯಿ ಬಡ್ಡಿ ಎರಡೂವರೆಯ ಆಸುಪಾಸಿಗೆ ಬಂತು. ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಅಂಗಡಿಯವರು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾರಲ್ಲ, ಅದು ಇನ್‌ಪುಟ್ ಕ್ರೆಡಿಟ್. ಇಂಥ ನೋಟ್ ಬಂದಾಗ ಖರೀದಿದಾರ ಪಡೆದ ಇನ್‌ಪುಟ್ ಕ್ರೆಡಿಟ್ ವಾಪಸ್ ಬಿಡಬೇಕಿಲ್ಲ ಅಂತ 2025ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸ್ಪಷ್ಟಪಡಿಸಿದೆ.

ಜಿಎಸ್‌ಟಿ ಸೇರಿಸಿದ ಕ್ರೆಡಿಟ್ ನೋಟ್ ಆದರೆ ನೋಟಿನಲ್ಲಿ 2,360 ಇರುತ್ತದೆ. ನೋಡಲು ಜಾಸ್ತಿ. ಆದರೆ ಅದರಲ್ಲಿ 360 ನೀವು ಆಗಲೇ ಇನ್‌ಪುಟ್ ಕ್ರೆಡಿಟ್ ಆಗಿ ಪಡೆದ ತೆರಿಗೆ. ಅದನ್ನು ವಾಪಸ್ ಬಿಡಬೇಕು. ಕೊನೆಗೆ ಉಳಿಯುವುದು ಅದೇ 2,000. ಹಾಗಾಗಿ ಎರಡು ನೋಟುಗಳ ನಡುವೆ ಅಂಗಡಿಯವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 31.5 ಅಂದರೂ ಓಡಿಯ ಎರಡು ಪಟ್ಟಿಗಿಂತ ಜಾಸ್ತಿಯೇ.

## ಮಾರುವವರು ಯಾಕೆ ಕೊಡುತ್ತಾರೆ?

ಕೊಳ್ಳುವವನಿಗೆ ಶೇ. 37 ಲಾಭ ಅಂದರೆ ಮಾರುವವನಿಗೆ ಶೇ. 37 ನಷ್ಟ ಆಗಬೇಕಲ್ಲ? ಬ್ಯಾಂಕಿನಲ್ಲಿ ಹನ್ನೆರಡಕ್ಕೆ ಸಾಲ ಸಿಗುವಾಗ ಯಾವ ಕಂಪನಿ ಹೀಗೆ ಕೊಡುತ್ತದೆ?

ಕಂಪನಿಯ ಕಡೆ ನಿಂತು ನೋಡಿದರೆ ಅಂಕಿ ಬೇರೆ ಕಾಣುತ್ತದೆ. ಅದರ ಪಾರ್ಟಿಗಳು ಕಾಗದದಲ್ಲಿ ಮೂವತ್ತು ದಿನ ಅಂದರೂ ನಿಜವಾಗಿ ಕಟ್ಟುವುದು ಎಪ್ಪತ್ತೈದನೇ ದಿನ ಅಂದುಕೊಳ್ಳಿ. ರಿಯಾಯಿತಿಯ ಆಸೆಗೆ ಹತ್ತನೇ ದಿನ ಕಟ್ಟಿದರೆ ಕಂಪನಿಗೆ ಉಳಿಯುವುದು ಇಪ್ಪತ್ತು ದಿನ ಅಲ್ಲ, ಅರವತ್ತೈದು ದಿನ. ಆಗ ಎರಡು ಪರ್ಸೆಂಟಿನ ವಾರ್ಷಿಕ ದರ ಶೇ. 11.5. ಬ್ಯಾಂಕಿನ ಬಡ್ಡಿಯಷ್ಟೇ. ಮೇಲಾಗಿ ವಸೂಲಿಗೆ ಓಡಾಡುವ ಖರ್ಚು ಇಲ್ಲ, ಮುಳುಗುವ ಭಯ ಇಲ್ಲ. ಒಂದೇ ಷರತ್ತು, ಸಮಯಕ್ಕೆ ಕಟ್ಟುವ ಅಂಗಡಿಯವನಿಗೆ 37 ಆಗಿ, ಎಳೆಯುವವನನ್ನು ಕಾಯುವ ಕಂಪನಿಗೆ 11.5 ಆಗಿ ಕಾಣುತ್ತದೆ.

ಮಾರುವವರಿಗೆ ಪೆಟ್ಟು ಬೀಳುವುದು ಬೇರೆ ಕಡೆ. ಮೊದಲಿನಿಂದಲೂ ಹತ್ತು ದಿನದೊಳಗೆ ಕಟ್ಟುತ್ತಿದ್ದ ಒಳ್ಳೆಯ ಪಾರ್ಟಿಗಳೂ ಈಗ ಎರಡು ಪರ್ಸೆಂಟ್ ಕಳೆದು ಕೊಡುತ್ತಾರೆ. ಅವರಿಂದ ಒಂದು ದಿನವೂ ಬೇಗ ದುಡ್ಡು ಬರಲಿಲ್ಲ, ರಿಯಾಯಿತಿ ಮಾತ್ರ ಹೋಯಿತು. ಇನ್ನು ಕೆಲವರು ಇಪ್ಪತ್ತೈದನೇ ದಿನ ಕಟ್ಟಿದರೂ ಎರಡು ಪರ್ಸೆಂಟ್ ಕತ್ತರಿಸಿಯೇ ಕಳಿಸುತ್ತಾರೆ. ಕೇಳಿದರೆ ಜಗಳ, ಬಿಟ್ಟರೆ ರೂಢಿ. ನೂರಕ್ಕೆ ಎಂಟು ಲಾಭದ ಸಣ್ಣ ತಯಾರಕರಿಗೆ ಎರಡು ಅಂದರೆ ಲಾಭದ ಕಾಲು ಭಾಗ. ಅಂಥವರು ಶೇ. 1 ಇಟ್ಟರೂ ಕೊಳ್ಳುವವನಿಗೆ ಅದು ಶೇ. 18.4 ಆಗುತ್ತದೆ. ಶೇ. 12ರ ಓಡಿ ಇರುವವನಿಗೆ ಅದೂ ಸಾಕು.

## ಪುಸ್ತಕದಲ್ಲಿ ಕಾಣದ ಖರ್ಚು

ಸಿಕ್ಕ ರಿಯಾಯಿತಿ ಲೆಕ್ಕದಲ್ಲಿ ಕಾಣುತ್ತದೆ. ಟ್ಯಾಲಿಯಲ್ಲಿ ಅದಕ್ಕೊಂದು ಲೆಡ್ಜರ್ ಇರುತ್ತದೆ, ವರ್ಷದ ಕೊನೆಗೆ ಮೊತ್ತ ಬರುತ್ತದೆ. ತಪ್ಪಿಹೋದ ರಿಯಾಯಿತಿ ಮಾತ್ರ ಎಲ್ಲೂ ಕಾಣುವುದಿಲ್ಲ. ಒಂದು ಲಕ್ಷದ ಬಿಲ್, ಒಂದು ಲಕ್ಷದ ಪಾವತಿ, ಲೆಕ್ಕ ಸರಿಹೋಯಿತು. ಓಡಿ ಬಡ್ಡಿ 644 ಆಗಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು. ಎರಡು ಸಾವಿರ ಖರೀದಿ ಬೆಲೆಯೊಳಗೆ ಅಡಗಿ ಕೂತಿದೆ.

ಇದನ್ನು ಹೊರಗೆ ತರುವ ಹಳೆಯ ವಿಧಾನ ಒಂದಿದೆ. ಖರೀದಿಯನ್ನು ಮೊದಲೇ 98,000 ಅಂತ ಬರೆಯುವುದು. ಹತ್ತು ದಿನ ತಪ್ಪಿ ಒಂದು ಲಕ್ಷ ಕಟ್ಟಿದರೆ, ಮೇಲಿನ ಎರಡು ಸಾವಿರವನ್ನು ‘ತಪ್ಪಿದ ರಿಯಾಯಿತಿ’ ಅಂತ ಬೇರೆ ಖರ್ಚಿಗೆ ಹಾಕುವುದು. ಜಿಎಸ್‌ಟಿ ಬಿಲ್ಲುಗಳ ಜೊತೆ ಹೀಗೆ ಬರೆಯುವುದು ಸ್ವಲ್ಪ ತಾಪತ್ರಯ. ಹಾಗಾಗಿ ನಾನು ಅಂಗಡಿಯವರಿಗೆ ಹೇಳಿದ್ದು ಇಷ್ಟೇ: ಬಿಲ್ ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿ, ಅದರಲ್ಲಿ ಹತ್ತನೇ ದಿನದ ತಾರೀಖು ಬರೆಯಿರಿ.

ಬರೆದರು. ಎರಡು ತಿಂಗಳು ಬಿಟ್ಟು ಮತ್ತೆ ಫೋನ್ ಬಂತು, ಈ ಸಲ ಸಿಟ್ಟಿನಲ್ಲಿ. "ಹತ್ತು ದಿನದೊಳಗೇ ಕಟ್ಟಿದ್ದೀನಿ ಸಾರ್. ಆದ್ರೂ ಎರಡು ಪರ್ಸೆಂಟ್ ವಾಪಸ್ ಡೆಬಿಟ್ ಮಾಡಿದ್ದಾರೆ." ರಿಜಿಸ್ಟರಿನ ಫೋಟೋ ಕಳಿಸಿ ಅಂದೆ. ಬಿಲ್ಲಿನ ತಾರೀಖು 3, ಲಾರಿ ಬಂದದ್ದು 7, ಹತ್ತನೇ ದಿನದ ಕಾಲಂನಲ್ಲಿ 17 ಅಂತ ಇತ್ತು. ದುಡ್ಡು ಹೋಗಿದ್ದು 16ಕ್ಕೆ.

ಈಗ ಅವರು ಬಿಲ್ಲಿನ ಪಿಡಿಎಫ್ ವಾಟ್ಸಾಪಿಗೆ ಬಂದ ದಿನವೇ ಕಾಲಂ ತುಂಬುತ್ತಾರೆ, ಲಾರಿಗೆ ಕಾಯುವುದಿಲ್ಲ. ಜೊತೆಗೆ ಆ ಕಂಪನಿಗೆ, ಮಾಲು ತಲುಪಿದ ದಿನದಿಂದ ಹತ್ತು ದಿನ ಎಣಿಸಿ ಅಂತ ಒಂದು ಮೇಲ್ ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.